ಮಷೀನ್ ಲರ್ನಿಂಗ್‌ಗೆ ಮುನ್ನ ಲೀನಿಯರ್ ಆಲ್ಜೀಬ್ರಾದ ಯಾವ ಪಾಠ ಮತ್ತೆ ಓದಬೇಕು? ಡೇಟಾ ಅನಲಿಸ್ಟ್‌ ಪ್ರಶ್ನೆಗೆ ಹಳೆಯ ಉಪನ್ಯಾಸಕಿಯ ಉತ್ತರ

ಕಾಲೇಜಿನಲ್ಲಿ ಓದಿದ ಲೀನಿಯರ್ ಆಲ್ಜೀಬ್ರಾ ಕೆಲಸಕ್ಕೆ ಸೇರಿದ ಮೇಲೆ ಮರೆತುಹೋಗುವುದು ಸಾಮಾನ್ಯ. ಮಷೀನ್ ಲರ್ನಿಂಗ್ ಕಲಿಯಲು ಹೊರಟಾಗ ಪುಸ್ತಕವನ್ನು ಮೊದಲ ಪುಟದಿಂದ ಓದಬೇಕೇ, ಕೆಲವು ಪಾಠಗಳು ಸಾಕೇ ಎಂಬ ಗೊಂದಲ ಹಲವರಿಗಿದೆ. ಪುಣೆಯಲ್ಲಿ ಡೇಟಾ ಅನಲಿಸ್ಟ್ ಆಗಿರುವ ಕನ್ನಡಿಗರೊಬ್ಬರು ಧಾರವಾಡದಲ್ಲಿ ಬಿಎಸ್‌ಸಿಗೆ ಗಣಿತ ಕಲಿಸಿದ್ದ ಉಪನ್ಯಾಸಕಿಗೆ ಇದೇ ಪ್ರಶ್ನೆಯನ್ನು ಇಮೇಲ್‌ನಲ್ಲಿ ಕೇಳಿದ್ದರು. ಜೊತೆಗೆ ಕೆಲಸದಲ್ಲಿ ಎದುರಾದ ಒಂದು ಸಮಸ್ಯೆಯನ್ನೂ ಬರೆದಿದ್ದರು. ಉಪನ್ಯಾಸಕಿ ಅಧ್ಯಾಯಗಳ ಪಟ್ಟಿ ಕಳಿಸಲಿಲ್ಲ. ಆ ಒಂದು ಸಮಸ್ಯೆಯನ್ನೇ ಹಿಡಿದು ಯಾವ ಪಾಠ ಎಲ್ಲಿ ಬೇಕಾಗುತ್ತದೆ ಎಂದು ತೋರಿಸಿದರು. ಅದರ ವಿವರ ಇಲ್ಲಿದೆ.

ಇಮೇಲ್‌ನಲ್ಲಿ ಇದ್ದದ್ದೇನು?

"ಮೇಡಂ, ನಮಸ್ಕಾರ. ನಾನು ನಿಮ್ಮ ಹಳೆಯ ವಿದ್ಯಾರ್ಥಿ. ಆರು ವರ್ಷದಿಂದ ಎಸ್‌ಕ್ಯೂಎಲ್, ಎಕ್ಸೆಲ್, ಡ್ಯಾಶ್‌ಬೋರ್ಡ್ ಇಷ್ಟೇ ನನ್ನ ಕೆಲಸ. ಈಗ ಮಷೀನ್ ಲರ್ನಿಂಗ್ ತಂಡಕ್ಕೆ ಹೋಗುವ ಅವಕಾಶ ಬಂದಿದೆ. ಮೊದಲ ಕೆಲಸವಾಗಿ ಫ್ಲ್ಯಾಟ್‌ಗಳ ಬಾಡಿಗೆ ಅಂದಾಜು ಮಾಡುವ ರಿಗ್ರೆಷನ್ ಮಾಡೆಲ್ ಕಟ್ಟಿದೆ. ಕಾರ್ಪೆಟ್ ಏರಿಯಾ, ಬಿಲ್ಟ್-ಅಪ್ ಏರಿಯಾ ಎರಡನ್ನೂ ಹಾಕಿದ್ದೇನೆ. ಅಂದಾಜು ಚೆನ್ನಾಗಿಯೇ ಬರುತ್ತದೆ. ಆದರೆ ಕಾರ್ಪೆಟ್ ಏರಿಯಾದ ಗುಣಾಂಕ ಮೈನಸ್ ಬಂದಿದೆ. ಮನೆ ದೊಡ್ಡದಾದಷ್ಟೂ ಬಾಡಿಗೆ ಇಳಿಯುತ್ತದೆ ಎಂದು ಮ್ಯಾನೇಜರ್‌ಗೆ ಹೇಗೆ ಹೇಳಲಿ? ಎರಡು ಸಾಲು ತೆಗೆದು ಮತ್ತೆ ಓಡಿಸಿದರೆ ಅದೇ ಗುಣಾಂಕ ಪ್ಲಸ್ ಆಗುತ್ತದೆ. ಕೋಡ್‌ನಲ್ಲಿ ತಪ್ಪಿಲ್ಲ. ಮ್ಯಾಟ್ರಿಕ್ಸ್ ಪಾಠಗಳಲ್ಲಿ ಏನೋ ಮರೆತಿದ್ದೇನೆ ಅನಿಸುತ್ತದೆ. ಎಲ್ಲಿಂದ ಶುರು ಮಾಡಲಿ?"

ಇದಕ್ಕೆ ಉತ್ತರ ನಾಲ್ಕು ಪಾಠಗಳಲ್ಲಿದೆ ಎಂದರು ಉಪನ್ಯಾಸಕಿ. ಕಾಲಂಗಳ ಸಂಯೋಜನೆ, ರ್ಯಾಂಕ್, ಪ್ರೊಜೆಕ್ಷನ್ ಮತ್ತು ಸಿಂಗ್ಯುಲರ್ ವ್ಯಾಲ್ಯೂ. ನಾಲ್ಕನ್ನೂ ವಿವರಿಸಲು ಅವರು ಬಳಸಿದ್ದು ಕೈಯಲ್ಲೇ ಲೆಕ್ಕ ಹಾಕಬಹುದಾದ ಮೂರು ಫ್ಲ್ಯಾಟ್‌ಗಳ ಕಾಲ್ಪನಿಕ ಉದಾಹರಣೆ. ವಿಸ್ತೀರ್ಣ ನೂರು ಚದರ ಅಡಿಗಳಲ್ಲಿದೆ, ಬಾಡಿಗೆ ಸಾವಿರ ರೂಪಾಯಿಗಳಲ್ಲಿದೆ.

| ಫ್ಲ್ಯಾಟ್ | ಕಾರ್ಪೆಟ್ ಏರಿಯಾ | ಬಿಲ್ಟ್-ಅಪ್ ಏರಿಯಾ | ಬಾಡಿಗೆ |
|---|---|---|---|
| ಮೊದಲನೆಯದು | 4 | 5 | 20 |
| ಎರಡನೆಯದು | 6 | 7.5 | 30 |
| ಮೂರನೆಯದು | 8 | 10 | 40 |

ಗೋಡೆಗಳ ನಡುವೆ ಬಳಸಲು ಸಿಗುವ ಜಾಗ ಕಾರ್ಪೆಟ್ ಏರಿಯಾ. ಹೊರಗೋಡೆ, ಬಾಲ್ಕನಿಯನ್ನೂ ಸೇರಿಸಿದರೆ ಬಿಲ್ಟ್-ಅಪ್ ಏರಿಯಾ. ಸಾಮಾನ್ಯ ಫ್ಲ್ಯಾಟ್‌ಗಳಲ್ಲಿ ಒಂದು ಹೆಚ್ಚಾದರೆ ಇನ್ನೊಂದೂ ಹೆಚ್ಚುತ್ತದೆ. ಈ ಉದಾಹರಣೆಯಲ್ಲಂತೂ ಎರಡನೆಯದು ಮೊದಲನೆಯದರ ಸರಿಯಾಗಿ 1.25 ಪಟ್ಟು.

ಪಾಠ 1: ಮ್ಯಾಟ್ರಿಕ್ಸ್ ಗುಣಾಕಾರವನ್ನು ಕಾಲಂಗಳಾಗಿ ನೋಡುವುದು

ಪಿಯುಸಿಯಲ್ಲಿ ಮಾತೃಕೆಗಳ ಗುಣಾಕಾರ ಕಲಿಸುವಾಗ ಅಡ್ಡಸಾಲನ್ನು ಕಂಬಸಾಲಿನಿಂದ ಗುಣಿಸಿ ಕೂಡಿಸು ಎನ್ನುತ್ತಾರೆ. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಮಾಡೆಲ್ ಒಳಗೆ ಏನು ನಡೆಯುತ್ತಿದೆ ಎಂಬುದು ಅದರಿಂದ ಕಾಣುವುದಿಲ್ಲ.

ಅದೇ ಗುಣಾಕಾರವನ್ನು ಇನ್ನೊಂದು ರೀತಿಯಲ್ಲಿ ಓದಬಹುದು. ಡೇಟಾ ಟೇಬಲ್ `X`, ಗುಣಾಂಕಗಳು `w` ಎಂದಿಟ್ಟುಕೊಂಡರೆ, `Xw` ಎಂದರೆ ಮೊದಲ ಕಾಲಂ ಅನ್ನು ಮೊದಲ ಗುಣಾಂಕದಿಂದ, ಎರಡನೇ ಕಾಲಂ ಅನ್ನು ಎರಡನೇ ಗುಣಾಂಕದಿಂದ ಗುಣಿಸಿ ಕೂಡಿಸಿದ್ದು. ಕಾರ್ಪೆಟ್ ಏರಿಯಾದ ಕಾಲಂ (4, 6, 8) ಒಂದು ಬಾಣ, ಬಿಲ್ಟ್-ಅಪ್ ಕಾಲಂ (5, 7.5, 10) ಇನ್ನೊಂದು ಬಾಣ. ಯಾವ ಬಾಣವನ್ನು ಎಷ್ಟು ಹಿಗ್ಗಿಸಿ ಕೂಡಿಸಿದರೆ ಬಾಡಿಗೆಯ ಬಾಣ (20, 30, 40) ಸಿಗುತ್ತದೆ ಎಂಬುದಷ್ಟೇ ರಿಗ್ರೆಷನ್ ಕೇಳುವ ಪ್ರಶ್ನೆ.

ಹೀಗೆ ನೋಡಿದ ಕೂಡಲೇ ತೊಡಕು ಕಾಣುತ್ತದೆ. ಎರಡು ಬಾಣಗಳೂ ಒಂದೇ ದಿಕ್ಕಿಗಿವೆ. ಕಾರ್ಪೆಟ್ ಏರಿಯಾವನ್ನು 5ರಿಂದ ಗುಣಿಸಿ ಇನ್ನೊಂದಕ್ಕೆ ಸೊನ್ನೆ ಕೊಟ್ಟರೂ ಬಾಡಿಗೆ ಸಿಗುತ್ತದೆ. ಮೊದಲನೆಯದಕ್ಕೆ ಸೊನ್ನೆ ಕೊಟ್ಟು ಬಿಲ್ಟ್-ಅಪ್ ಏರಿಯಾವನ್ನು 4ರಿಂದ ಗುಣಿಸಿದರೂ ಸಿಗುತ್ತದೆ. ಗುಣಾಂಕಗಳು 10 ಮತ್ತು ಮೈನಸ್ 4 ಆದರೆ? ಮೊದಲ ಫ್ಲ್ಯಾಟ್‌ಗೆ 40ರಲ್ಲಿ 20 ಕಳೆದು 20, ಎರಡನೆಯದಕ್ಕೆ 60ರಲ್ಲಿ 30 ಕಳೆದು 30, ಮೂರನೆಯದಕ್ಕೆ 80ರಲ್ಲಿ 40 ಕಳೆದು 40. ಮತ್ತೆ ಸರಿ. ಮೈನಸ್ 5 ಮತ್ತು 8 ಇಟ್ಟರೂ ಅದೇ ಉತ್ತರ.

ಅಂದರೆ ಸರಿಯಾದ ಗುಣಾಂಕಗಳ ಜೋಡಿಗೆ ಲೆಕ್ಕವೇ ಇಲ್ಲ. ಅವುಗಳಲ್ಲಿ ಕೆಲವು "ಮನೆ ದೊಡ್ಡದಾದರೆ ಬಾಡಿಗೆ ಇಳಿಯುತ್ತದೆ" ಎನ್ನುವಂತಿವೆ, ಕೆಲವು ಅದಕ್ಕೆ ವಿರುದ್ಧವಾಗಿವೆ. ಯಾವುದು ನಿಜ ಎಂದು ಹೇಳುವ ಮಾಹಿತಿ ಈ ಡೇಟಾದಲ್ಲಿ ಇಲ್ಲವೇ ಇಲ್ಲ.

ಪಾಠ 2: ರ್ಯಾಂಕ್ ಮತ್ತು ನಲ್ ಸ್ಪೇಸ್

ರ್ಯಾಂಕ್ ಎಂದರೆ ಟೇಬಲ್‌ನಲ್ಲಿ ನಿಜವಾಗಿ ಎಷ್ಟು ಬೇರೆ ಬೇರೆ ದಿಕ್ಕುಗಳಿವೆ ಎಂಬ ಎಣಿಕೆ. ಮೇಲಿನ ಟೇಬಲ್‌ನಲ್ಲಿ ಏರಿಯಾದ ಕಾಲಂಗಳು ಎರಡಿದ್ದರೂ ರ್ಯಾಂಕ್ 1. ಕಾಲೇಜಿನಲ್ಲಿ ಇದನ್ನು ಎಷೆಲಾನ್ ರೂಪಕ್ಕೆ ತಂದು, ಸೊನ್ನೆಯಲ್ಲದ ಸಾಲುಗಳನ್ನು ಎಣಿಸಿ ಕಂಡುಹಿಡಿಯುತ್ತಿದ್ದರು. ಆ ಲೆಕ್ಕದ ಕ್ರಮಕ್ಕಿಂತ ಅದರ ಅರ್ಥ ಮುಖ್ಯ. ಕಾಲಂಗಳ ಸಂಖ್ಯೆಗಿಂತ ರ್ಯಾಂಕ್ ಕಡಿಮೆಯಿದ್ದರೆ ಗುಣಾಂಕಗಳಿಗೆ ಒಂದೇ ಉತ್ತರ ಇರುವುದಿಲ್ಲ.

ಒಂದು ಉತ್ತರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ನಲ್ ಸ್ಪೇಸ್ ಎನ್ನುತ್ತಾರೆ. ಇಲ್ಲಿ ಆ ದಾರಿ (5, -4). ಕಾರ್ಪೆಟ್ ಏರಿಯಾದ ಗುಣಾಂಕಕ್ಕೆ 5 ಕೂಡಿಸಿ, ಬಿಲ್ಟ್-ಅಪ್ ಏರಿಯಾದ್ದರಿಂದ 4 ಕಳೆದರೆ ಅಂದಾಜು ಬಾಡಿಗೆಯಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಮಾಡೆಲ್‌ಗೆ ಕಾಣದ ದಿಕ್ಕು ಎಂದರೆ ಇದೇ.

ಇದು ಏರಿಯಾಕ್ಕೆ ಮಾತ್ರ ಸೀಮಿತವಲ್ಲ. ಒಂದು ಬೆಡ್‌ರೂಂ, ಎರಡು ಬೆಡ್‌ರೂಂ, ಮೂರು ಬೆಡ್‌ರೂಂ ಎಂದು ಮೂರು ಕಾಲಂ ಮಾಡಿ, ಪ್ರತಿ ಫ್ಲ್ಯಾಟ್‌ಗೆ ಅನ್ವಯಿಸುವ ಕಡೆ 1, ಉಳಿದೆಡೆ 0 ಬರೆಯುವುದು ಅನಲಿಸ್ಟ್‌ಗಳ ರೂಢಿ. ಟೇಬಲ್‌ನಲ್ಲಿ ಇರುವುದು ಈ ಮೂರೇ ಬಗೆಯ ಫ್ಲ್ಯಾಟ್ ಆದರೆ ಮೂರು ಕಾಲಂಗಳನ್ನು ಕೂಡಿಸಿದಾಗ ಪ್ರತಿ ಸಾಲಿನಲ್ಲೂ 1 ಬರುತ್ತದೆ. ರಿಗ್ರೆಷನ್‌ನಲ್ಲಿ ಇಂಟರ್‌ಸೆಪ್ಟ್‌ಗಾಗಿ ಇರುವ ಕಾಲಂ ಕೂಡ ಎಲ್ಲ ಸಾಲಿನಲ್ಲೂ 1. ಹೀಗಾಗಿ ನಾಲ್ಕು ಕಾಲಂಗಳಿದ್ದರೂ ದಿಕ್ಕುಗಳು ಮೂರೇ. ಇದಕ್ಕೇ ಡಮ್ಮಿ ವೇರಿಯಬಲ್ ಟ್ರ್ಯಾಪ್ ಎಂಬ ಹೆಸರಿದೆ. ಒಂದು ಕಾಲಂ ಬಿಟ್ಟುಬಿಡುವುದು ಇದಕ್ಕೆ ಪರಿಹಾರ.

ಕೋರಿಲೇಷನ್ ಟೇಬಲ್ ನೋಡಿದರೆ ಇದೆಲ್ಲ ತಿಳಿಯುವುದಿಲ್ಲವೇ ಎಂದು ಕೇಳಬಹುದು. ಕಾರ್ಪೆಟ್ ಮತ್ತು ಬಿಲ್ಟ್-ಅಪ್‌ನಂತಹ ಜೋಡಿ ಅದರಲ್ಲಿ ಸಿಕ್ಕಿಬೀಳುತ್ತದೆ. ಆದರೆ ಬೆಡ್‌ರೂಂ ಕಾಲಂಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಒಂದು ಇನ್ನೊಂದರ ನಕಲು ಅಲ್ಲ. ಮೂರೂ ಸೇರಿದಾಗಲೇ ತೊಂದರೆ. ಅದನ್ನು ಹಿಡಿಯುವುದು ರ್ಯಾಂಕ್.

ಪಾಠ 3: ಪ್ರೊಜೆಕ್ಷನ್

ನಿಜವಾದ ಡೇಟಾದಲ್ಲಿ ಬಾಡಿಗೆ ಯಾವ ಸೂತ್ರಕ್ಕೂ ಸರಿಯಾಗಿ ಹೊಂದುವುದಿಲ್ಲ. ಮೂರನೇ ಫ್ಲ್ಯಾಟ್‌ನ ಬಾಡಿಗೆ 40ರ ಬದಲು 41 ಸಾವಿರ ಎಂದುಕೊಳ್ಳೋಣ. ಸದ್ಯಕ್ಕೆ ಕಾರ್ಪೆಟ್ ಏರಿಯಾ ಒಂದನ್ನೇ ಇಟ್ಟುಕೊಂಡರೆ, (4, 6, 8) ಎಂಬ ಬಾಣವನ್ನು ಎಷ್ಟು ಹಿಗ್ಗಿಸಿದರೂ (20, 30, 41) ಸಿಗುವುದಿಲ್ಲ. ಆಗ ಮಾಡುವ ಕೆಲಸ, ಆ ಬಾಣದ ಗೆರೆಯ ಮೇಲೆ ಬಾಡಿಗೆಗೆ ಅತಿ ಹತ್ತಿರದ ಬಿಂದು ಹುಡುಕುವುದು. ಫ್ರಾನ್ಸ್‌ನ ಲೆಜೆಂಡ್ರ 1805ರಲ್ಲಿ ಪ್ರಕಟಿಸಿದ ಲೀಸ್ಟ್ ಸ್ಕ್ವೇರ್ಸ್ ವಿಧಾನ ಮಾಡುವುದೂ ಇದನ್ನೇ.

ಒಂದು ಬಿಂದುವಿನಿಂದ ಗೆರೆಗೆ ಅತಿ ಹತ್ತಿರದ ದಾರಿ ಲಂಬವಾಗಿರುತ್ತದೆ. ಹೀಗಾಗಿ ಅಂದಾಜಿಗೂ ನಿಜವಾದ ಬಾಡಿಗೆಗೂ ಇರುವ ವ್ಯತ್ಯಾಸ, ಅಂದರೆ ಉಳಿಕೆ, ಡೇಟಾದ ಕಾಲಂಗೆ ಲಂಬವಾಗಿರಬೇಕು. ಇದನ್ನು ಸೂತ್ರವಾಗಿ ಬರೆದರೆ `Xᵀ(y - Xw) = 0`. ಪುಸ್ತಕಗಳಲ್ಲಿ ನಾರ್ಮಲ್ ಇಕ್ವೇಷನ್ ಎಂದು ಬಾಯಿಪಾಠ ಮಾಡಿಸುವುದು ಇದನ್ನೇ.

ಲೆಕ್ಕ ಹಾಕಿ ನೋಡಬಹುದು. ಕಾಲಂ ಮತ್ತು ಬಾಡಿಗೆಯನ್ನು ಸಾಲು ಸಾಲಾಗಿ ಗುಣಿಸಿ ಕೂಡಿಸಿದರೆ 80, 180, 328 ಸೇರಿ 588. ಕಾಲಂ ಅನ್ನು ಅದರಿಂದಲೇ ಗುಣಿಸಿ ಕೂಡಿಸಿದರೆ 16, 36, 64 ಸೇರಿ 116. ಭಾಗಿಸಿದರೆ ಗುಣಾಂಕ ಸುಮಾರು 5.069. ಉಳಿಕೆಗಳು -0.276, -0.414, 0.448. ಇವನ್ನು ಕ್ರಮವಾಗಿ 4, 6, 8ರಿಂದ ಗುಣಿಸಿ ಕೂಡಿಸಿದರೆ, ದಶಮಾಂಶ ಕೈಬಿಟ್ಟದ್ದರಿಂದ ಬರುವ ಚೂರು ವ್ಯತ್ಯಾಸ ಬಿಟ್ಟರೆ, ಸೊನ್ನೆ. ಲಂಬ ಎಂಬುದರ ಅರ್ಥ ಇಷ್ಟೇ.

ಕಾಲಂ ಎರಡಾದರೆ ಗೆರೆಯ ಜಾಗದಲ್ಲಿ ಸಮತಲ ಬರುತ್ತದೆ. ಬಾಡಿಗೆಯ ನೆರಳು ಆ ಸಮತಲದ ಮೇಲೆ ಎಲ್ಲಿ ಬೀಳುತ್ತದೆಯೋ ಅದೇ ಅಂದಾಜು. ಗಮನಿಸಬೇಕಾದ ವಿಷಯವೆಂದರೆ ನೆರಳು ಯಾವಾಗಲೂ ಒಂದೇ. ಆ ನೆರಳಿನ ಜಾಗವನ್ನು ಎರಡು ಬಾಣಗಳಿಂದ ಹೇಗೆ ತಲುಪುತ್ತೇವೆ ಎಂಬುದು ಮಾತ್ರ ಬದಲಾಗಬಹುದು. ಅನಲಿಸ್ಟ್‌ಗೆ ಅಂದಾಜು ಸರಿಯಾಗಿಯೂ ಗುಣಾಂಕ ವಿಚಿತ್ರವಾಗಿಯೂ ಬಂದದ್ದು ಇದರಿಂದಲೇ.

ಪಾಠ 4: ಸಿಂಗ್ಯುಲರ್ ವ್ಯಾಲ್ಯೂ

ಎರಡು ಕಾಲಂಗಳು ಸಂಪೂರ್ಣ ನಕಲಾಗಿರುವುದು ಅಪರೂಪ. ಬಹುತೇಕ ನಕಲಾಗಿರುವುದು ಸಾಮಾನ್ಯ, ಹೆಚ್ಚು ತೊಂದರೆ ಕೊಡುವುದೂ ಅದೇ. ಉದಾಹರಣೆಯಲ್ಲಿ ಮೂರನೇ ಫ್ಲ್ಯಾಟ್‌ನ ಬಿಲ್ಟ್-ಅಪ್ ಏರಿಯಾವನ್ನು 10ರಿಂದ 10.1ಕ್ಕೆ ಏರಿಸೋಣ. ಅಂದರೆ ಸಾವಿರ ಚದರ ಅಡಿಯ ಬದಲು 1,010. ಈಗ ಎರಡು ಬಾಣಗಳ ನಡುವೆ 0.3 ಡಿಗ್ರಿಗಿಂತ ಕಡಿಮೆ ಕೋನವಿದೆ. ರ್ಯಾಂಕ್ 2 ಆಗಿದೆ. ಗುಣಾಂಕಗಳಿಗೆ ಒಂದೇ ಉತ್ತರವೂ ಇದೆ. ಹಾಗಾದರೆ ತೊಂದರೆ ಮುಗಿಯಿತೇ?

ಮೂರನೇ ಫ್ಲ್ಯಾಟ್‌ನ ಬಾಡಿಗೆಯನ್ನು ಒಂದು ಸಾವಿರದಷ್ಟು ಮಾತ್ರ ಆಚೀಚೆ ಮಾಡಿದರೆ ಏನಾಗುತ್ತದೆ ನೋಡಿ.

| ಮೂರನೇ ಫ್ಲ್ಯಾಟ್‌ನ ಬಾಡಿಗೆ | ಕಾರ್ಪೆಟ್ ಗುಣಾಂಕ | ಬಿಲ್ಟ್-ಅಪ್ ಗುಣಾಂಕ |
|---|---|---|
| 39 | 17.5 | -10 |
| 40 | 5 | 0 |
| 41 | -7.5 | 10 |

ಬಾಡಿಗೆ ಶೇಕಡಾ ಎರಡೂವರೆಯಷ್ಟು ಬದಲಾದರೆ ಗುಣಾಂಕದ ಚಿಹ್ನೆಯೇ ತಿರುಗಿದೆ. ಇಮೇಲ್‌ನಲ್ಲಿದ್ದ ಮೈನಸ್ ಹುಟ್ಟಿದ್ದು ಹೀಗೆ. ಎರಡು ಸಾಲು ತೆಗೆದಾಗ ಅದು ಪ್ಲಸ್ ಆದದ್ದೂ ಹೀಗೆಯೇ.

ಇಂತಹ ಅಲುಗಾಟವನ್ನು ಅಳೆಯುವ ಸಾಧನ ಸಿಂಗ್ಯುಲರ್ ವ್ಯಾಲ್ಯೂ ಡೀಕಾಂಪೊಸಿಷನ್, ಚಿಕ್ಕದಾಗಿ ಎಸ್‌ವಿಡಿ. ಒಂದು ಟೇಬಲ್ ಯಾವ ದಿಕ್ಕಿನಲ್ಲಿ ಎಷ್ಟು ಹಿಗ್ಗಿಸುತ್ತದೆ ಎಂಬುದನ್ನು ಅದು ಬಿಡಿಸಿ ಹೇಳುತ್ತದೆ. ಪೈಥಾನ್‌ನಲ್ಲಿ ಕೆಲವೇ ಸಾಲು ಸಾಕು.

```python
import numpy as np
X = np.array([[4, 5], [6, 7.5], [8, 10.1]])
y = np.array([20, 30, 41])
print(np.linalg.matrix_rank(X))
print(np.linalg.svd(X, compute_uv=False))
print(np.linalg.cond(X))
print(np.linalg.lstsq(X, y, rcond=None)[0])
```

ರ್ಯಾಂಕ್ 2 ಎಂದೇ ಬರುತ್ತದೆ. ರ್ಯಾಂಕ್ ಒಂದನ್ನೇ ನೋಡಿದವರು ಇಲ್ಲಿ ಮೋಸಹೋಗುತ್ತಾರೆ. ಸಿಂಗ್ಯುಲರ್ ವ್ಯಾಲ್ಯೂಗಳು ಸುಮಾರು 17.3 ಮತ್ತು 0.042. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಬರುವ 415, ಕಂಡಿಷನ್ ನಂಬರ್. ಕೊನೆಯ ಸಾಲಿನಲ್ಲಿ -7.5 ಮತ್ತು 10 ಬರುತ್ತವೆ.

ಚಿಕ್ಕ ಸಿಂಗ್ಯುಲರ್ ವ್ಯಾಲ್ಯೂ ಅಪಾಯದ ಸೂಚನೆ. ಗುಣಾಂಕ ಕಂಡುಹಿಡಿಯುವಾಗ ಅದರಿಂದ ಭಾಗಿಸಬೇಕಾಗುತ್ತದೆ. 0.042ರಿಂದ ಭಾಗಿಸುವುದೆಂದರೆ ಸುಮಾರು 24ರಿಂದ ಗುಣಿಸಿದಂತೆ. ಬಾಡಿಗೆಯಲ್ಲಿನ ಸಣ್ಣ ಏರುಪೇರು ಆ ದಿಕ್ಕಿನಲ್ಲಿ ಅಷ್ಟು ಪಟ್ಟು ದೊಡ್ಡದಾಗಿ ಗುಣಾಂಕದಲ್ಲಿ ಕಾಣಿಸಿಕೊಳ್ಳುತ್ತದೆ. ಆ ದಿಕ್ಕು ಯಾವುದು ಎಂದರೆ, ಹೆಚ್ಚುಕಡಿಮೆ ಮೊದಲೇ ನೋಡಿದ (5, -4). ಮೇಲಿನ ಟೇಬಲ್‌ನಲ್ಲಿ ಬಾಡಿಗೆ ಒಂದು ಸಾವಿರ ಇಳಿದಾಗ ಮೊದಲ ಗುಣಾಂಕ 12.5 ಏರಿ ಎರಡನೆಯದು 10 ಇಳಿಯುತ್ತದೆ. ಅದೂ ಇದೇ ಅನುಪಾತ.

ಕಂಡಿಷನ್ ನಂಬರ್ ನೋಡುವ ಮುನ್ನ ಒಂದು ಎಚ್ಚರಿಕೆ ಬೇಕು. ಒಂದು ಕಾಲಂ ಚದರ ಅಡಿಯಲ್ಲಿ, ಇನ್ನೊಂದು ಬೆಡ್‌ರೂಂಗಳ ಸಂಖ್ಯೆಯಲ್ಲಿ ಇದ್ದರೆ ಅಳತೆಯ ವ್ಯತ್ಯಾಸದಿಂದಲೇ ಈ ಸಂಖ್ಯೆ ಉಬ್ಬುತ್ತದೆ. ಅದಕ್ಕೆ ಮೊದಲು ಎಲ್ಲ ಕಾಲಂಗಳನ್ನೂ ಒಂದೇ ಉದ್ದಕ್ಕೆ ತರಬೇಕು. ಈ ಉದಾಹರಣೆಯಲ್ಲಿ ಹಾಗೆ ಮಾಡಿದರೂ 404ರಷ್ಟು ಉಳಿಯುತ್ತದೆ. ಅಂದರೆ ತೊಂದರೆ ಅಳತೆಯದ್ದಲ್ಲ, ಕಾಲಂಗಳದ್ದೇ. ಹೀಗೆ ಸರಿಹೊಂದಿಸಿದ ಮೇಲೂ 30 ದಾಟಿದರೆ ಗಮನ ಕೊಡಬೇಕು ಎಂಬುದು ಸಂಖ್ಯಾಶಾಸ್ತ್ರದಲ್ಲಿ ಬಳಕೆಯಲ್ಲಿರುವ ಸ್ಥೂಲ ನಿಯಮ.

ಅಂದಾಜು ಸರಿ ಇದ್ದರೆ ಗುಣಾಂಕ ಹೇಗಿದ್ದರೇನು?

ಅನಲಿಸ್ಟ್ ಮುಂದಿನ ಮೇಲ್‌ನಲ್ಲಿ ಇದನ್ನೇ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. 500 ಚದರ ಅಡಿ ಕಾರ್ಪೆಟ್, 625 ಚದರ ಅಡಿ ಬಿಲ್ಟ್-ಅಪ್ ಇರುವ ಸಾಮಾನ್ಯ ಫ್ಲ್ಯಾಟ್ ಬಂದರೆ ಮೇಲಿನ ಮೂರೂ ಗುಣಾಂಕ ಜೋಡಿಗಳು 25 ಸಾವಿರ ಎಂದೇ ಹೇಳುತ್ತವೆ. ಹಳೆಯ ಡೇಟಾದಂತೆಯೇ ಇರುವ ಫ್ಲ್ಯಾಟ್‌ಗಳ ಮೇಲೆ ಪರೀಕ್ಷೆ ಮಾಡಿದರೆ ದೋಷ ಕಾಣುವುದೇ ಇಲ್ಲ.

ಕಾರ್ಪೆಟ್ ಏರಿಯಾ ಅದೇ 500, ಆದರೆ ದೊಡ್ಡ ಬಾಲ್ಕನಿಯಿಂದಾಗಿ ಬಿಲ್ಟ್-ಅಪ್ ಏರಿಯಾ 700 ಇರುವ ಫ್ಲ್ಯಾಟ್ ಬಂದಾಗ ಬಣ್ಣ ಬಯಲಾಗುತ್ತದೆ. ಮೊದಲ ಜೋಡಿ 17,500 ರೂಪಾಯಿ ಎನ್ನುತ್ತದೆ. ಎರಡನೆಯದು 25,000, ಮೂರನೆಯದು 32,500. ಅದೇ ಮನೆಗೆ ಹದಿನೈದು ಸಾವಿರದ ವ್ಯತ್ಯಾಸ. ಈ ಅಂದಾಜಿನ ಮೇಲೆ ಯಾರಾದರೂ ಬಾಡಿಗೆ ಗೊತ್ತು ಮಾಡಿದರೆ ಮಾಲೀಕರಿಗೋ ಬಾಡಿಗೆದಾರರಿಗೋ ನಷ್ಟ ಖಚಿತ.

ಹಾಗಾಗಿ ಗುಣಾಂಕಕ್ಕೆ ಅರ್ಥ ಹೇಳಬೇಕಾದಾಗ ಮತ್ತು ಹೊಸ ಡೇಟಾ ಹಳೆಯದರಂತೆ ಇಲ್ಲದಿದ್ದಾಗ ಈ ದೋಷ ಕಾಡುತ್ತದೆ. ಇವೆರಡೂ ಇಲ್ಲದ ಕಡೆ ಅಂದಾಜಿಗೆ ಧಕ್ಕೆಯಿಲ್ಲ.

ಸರಿಪಡಿಸುವುದು ಹೇಗೆ?

ಸರಳ ದಾರಿ, ಎರಡರಲ್ಲಿ ಒಂದು ಕಾಲಂ ಬಿಡುವುದು. ಅಥವಾ ಕಾರ್ಪೆಟ್ ಏರಿಯಾವನ್ನು ಇಟ್ಟುಕೊಂಡು, ಬಿಲ್ಟ್-ಅಪ್ ಏರಿಯಾದ ಬದಲು ಎರಡರ ವ್ಯತ್ಯಾಸವನ್ನೋ ಬಾಲ್ಕನಿಯ ಅಳತೆಯನ್ನೋ ಹಾಕುವುದು. ಆಗ ಗುಣಾಂಕಗಳನ್ನು ಬಿಡಿಸಿ ಓದುವುದು ಸುಲಭವಾಗುತ್ತದೆ. ಆದರೆ ಎಲ್ಲ ಫ್ಲ್ಯಾಟ್‌ಗಳಲ್ಲೂ ಈ ವ್ಯತ್ಯಾಸ ಒಂದೇ ಪ್ರಮಾಣದಲ್ಲಿದ್ದರೆ ಕಾಲಂ ಬದಲಿಸಿಯೂ ಲಾಭವಿಲ್ಲ. ಬಾಲ್ಕನಿಯ ಅಳತೆ ಬೇರೆ ಬೇರೆ ಇರುವ ಫ್ಲ್ಯಾಟ್‌ಗಳ ಡೇಟಾ ಬೇಕೇ ಬೇಕು.

ಇನ್ನೊಂದು ದಾರಿ ರಿಡ್ಜ್ ರಿಗ್ರೆಷನ್. ಹೋರ್ಲ್ ಮತ್ತು ಕೆನಾರ್ಡ್ 1970ರಲ್ಲಿ ಇದನ್ನು ಪ್ರಕಟಿಸಿದರು. `XᵀX` ಮ್ಯಾಟ್ರಿಕ್ಸ್‌ನ ಕರ್ಣದ ಮೇಲಿನ ಪ್ರತಿ ಸಂಖ್ಯೆಗೂ ಒಂದು ಚಿಕ್ಕ ಮೊತ್ತ ಕೂಡಿಸುವುದು ಇದರ ಉಪಾಯ. ಉದಾಹರಣೆಯಲ್ಲಿ ಆ ಮ್ಯಾಟ್ರಿಕ್ಸ್‌ನ ಐಗೆನ್ ವ್ಯಾಲ್ಯೂಗಳು ಸುಮಾರು 299.26 ಮತ್ತು 0.0017. ಎರಡಕ್ಕೂ 1 ಕೂಡಿಸಿದರೆ ದೊಡ್ಡದಕ್ಕೆ ಏನೂ ಆದಂತೆ ಕಾಣುವುದಿಲ್ಲ, ಚಿಕ್ಕದು ಮಾತ್ರ 1.0017ಕ್ಕೆ ಜಿಗಿಯುತ್ತದೆ. ಸೊನ್ನೆಯ ಹತ್ತಿರದ ಸಂಖ್ಯೆಯಿಂದ ಭಾಗಿಸುವ ಅಪಾಯ ತಪ್ಪುತ್ತದೆ.

ಫಲಿತಾಂಶ ಗಮನಿಸಿ. ಮೂರನೇ ಫ್ಲ್ಯಾಟ್‌ನ ಬಾಡಿಗೆ 41 ಆದಾಗ ಗುಣಾಂಕಗಳು 1.94 ಮತ್ತು 2.47. ಬಾಡಿಗೆ 39 ಆದಾಗ 1.93 ಮತ್ತು 2.37. ಮೊದಲು ಮೈನಸ್ 7.5ರಿಂದ 17.5ರವರೆಗೆ ಜಿಗಿಯುತ್ತಿದ್ದದ್ದು ಈಗ ಅಲುಗಾಡುವುದೇ ಇಲ್ಲ ಎನ್ನಬಹುದು. ದೊಡ್ಡ ಬಾಲ್ಕನಿಯ ಫ್ಲ್ಯಾಟ್‌ನ ಅಂದಾಜು ಸುಮಾರು 26ರಿಂದ 27 ಸಾವಿರದ ಆಸುಪಾಸಿನಲ್ಲಿ ನಿಲ್ಲುತ್ತದೆ.

ಆದರೆ ಇದಕ್ಕೂ ಮಿತಿಯಿದೆ. ಕಾರ್ಪೆಟ್ ಏರಿಯಾದ ನಿಜವಾದ ಪ್ರಭಾವ 1.94 ಎಂದು ರಿಡ್ಜ್ ಸಾಬೀತು ಮಾಡಿಲ್ಲ. ಡೇಟಾದಲ್ಲಿ ಮಾಹಿತಿ ಇಲ್ಲದ ದಿಕ್ಕಿನಲ್ಲಿ ಗುಣಾಂಕ ಚಿಕ್ಕದಾಗಿರಲಿ ಎಂದು ನಾವೇ ಹೇಳಿದ್ದೇವೆ, ಅಷ್ಟೇ. ಎಷ್ಟು ಕೂಡಿಸಬೇಕು ಎಂಬುದನ್ನು ಮಾಡೆಲ್ ನೋಡದ ಡೇಟಾದ ಮೇಲೆ ಪರೀಕ್ಷಿಸಿ ನಿರ್ಧರಿಸಬೇಕು. ಕಾಲಂಗಳ ಅಳತೆ ಬದಲಾದರೆ ರಿಡ್ಜ್‌ನ ಉತ್ತರವೂ ಬದಲಾಗುತ್ತದೆ. ಹೀಗಾಗಿ ಇಲ್ಲೂ ಅಳತೆಗಳನ್ನು ಮೊದಲೇ ಸರಿಹೊಂದಿಸಬೇಕು.

ಮತ್ತೊಂದು ವಿಷಯ ಹಲವರಿಗೆ ತಿಳಿದಿರುವುದಿಲ್ಲ. ಕಾಲಂಗಳು ಸಂಪೂರ್ಣ ನಕಲಾಗಿದ್ದರೂ `lstsq` ತಕರಾರು ಮಾಡದೆ ಉತ್ತರ ಕೊಡುತ್ತದೆ. ಮೊದಲ ಟೇಬಲ್‌ಗೆ ಅದು ಕೊಡುವುದು ಸುಮಾರು 1.95 ಮತ್ತು 2.44. ಲೆಕ್ಕವಿಲ್ಲದಷ್ಟು ಉತ್ತರಗಳಲ್ಲಿ ಅತಿ ಚಿಕ್ಕದನ್ನು ಅದು ಆರಿಸಿರುತ್ತದೆ. ಸಾಫ್ಟ್‌ವೇರ್ ಉತ್ತರ ಕೊಟ್ಟಿತು ಎಂದ ಮಾತ್ರಕ್ಕೆ ಡೇಟಾದಲ್ಲಿ ಉತ್ತರ ಇತ್ತು ಎಂದಲ್ಲ.

ಐಗೆನ್ ವ್ಯಾಲ್ಯೂ ಎಷ್ಟು ಬೇಕು?

ಪರೀಕ್ಷೆಗೆ ಓದುವಾಗ ಯಾವುದೇ ಮ್ಯಾಟ್ರಿಕ್ಸ್ ಕೊಟ್ಟು ಐಗೆನ್ ವ್ಯಾಲ್ಯೂ ಕೇಳುತ್ತಿದ್ದರು. ಮಷೀನ್ ಲರ್ನಿಂಗ್ ಆರಂಭಿಸುವವರಿಗೆ ಮೊದಲು ಬೇಕಾಗುವುದು ಸಿಮೆಟ್ರಿಕ್ ಮ್ಯಾಟ್ರಿಕ್ಸ್‌ಗಳದ್ದು ಮಾತ್ರ. `XᵀX` ಅಂಥದ್ದೇ. ಅದರ ಐಗೆನ್ ವ್ಯಾಲ್ಯೂಗಳು ಎಂದೂ ಮೈನಸ್ ಆಗುವುದಿಲ್ಲ, ಅವುಗಳ ವರ್ಗಮೂಲವೇ ಸಿಂಗ್ಯುಲರ್ ವ್ಯಾಲ್ಯೂ. ಅದರ ಐಗೆನ್ ವೆಕ್ಟರ್‌ಗಳನ್ನು ಪರಸ್ಪರ ಲಂಬವಾಗಿರುವಂತೆ ಯಾವಾಗಲೂ ಆರಿಸಬಹುದು.

ಹಳೆಯ ಪಠ್ಯದಲ್ಲಿದ್ದ ಪವರ್ ಮೆಥಡ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಉದಾಹರಣೆಯ `XᵀX` ಮ್ಯಾಟ್ರಿಕ್ಸ್‌ನ ಸಾಲುಗಳು (116, 145.8) ಮತ್ತು (145.8, 183.26). ಇದನ್ನು (1, 1)ರಿಂದ ಗುಣಿಸಿದರೆ (261.8, 329.06). ಎರಡರ ಅನುಪಾತ ಸುಮಾರು 1.257. ಒಂದೇ ಗುಣಾಕಾರದಲ್ಲಿ ದೊಡ್ಡ ಐಗೆನ್ ವೆಕ್ಟರ್‌ನ ದಿಕ್ಕು ಸಿಕ್ಕಿಬಿಟ್ಟಿತು. ಎರಡು ಏರಿಯಾಗಳೂ ಒಟ್ಟಿಗೆ ಬೆಳೆಯುವ ದಿಕ್ಕು ಅದು. ಇಷ್ಟು ಬೇಗ ಸಿಕ್ಕಿದ್ದಕ್ಕೆ ಕಾರಣ ಎರಡು ಐಗೆನ್ ವ್ಯಾಲ್ಯೂಗಳ ನಡುವಿನ ಭಾರಿ ಅಂತರ. ಅಂತರ ಕಡಿಮೆಯಿದ್ದರೆ ಹಲವು ಬಾರಿ ಗುಣಿಸಬೇಕಾಗುತ್ತದೆ.

ಪಿಸಿಎ ಎಂದು ಹೆಸರಾದ ವಿಧಾನವೂ ಇದೇ ಲೆಕ್ಕ. ಅದಕ್ಕೆ ಮುನ್ನ ಪ್ರತಿ ಕಾಲಂನಿಂದ ಅದರ ಸರಾಸರಿ ಕಳೆಯಬೇಕು. ಕಳೆಯದಿದ್ದರೆ ಮೊದಲ ದಿಕ್ಕು ಡೇಟಾ ಹೇಗೆ ಹರಡಿದೆ ಎಂಬುದನ್ನು ಬಿಟ್ಟು ಸರಾಸರಿಯ ಕಡೆಗೆ ವಾಲುತ್ತದೆ. ಚದರ ಅಡಿ ಮತ್ತು ಬೆಡ್‌ರೂಂ ಸಂಖ್ಯೆಯನ್ನು ಹಾಗೆಯೇ ಹಾಕಿದರೆ ನೂರರ ಲೆಕ್ಕದಲ್ಲಿ ಬದಲಾಗುವ ಚದರ ಅಡಿಯೇ ಮೊದಲ ದಿಕ್ಕನ್ನು ಆಕ್ರಮಿಸುತ್ತದೆ. ಪಿಸಿಎ ಫಲಿತಾಂಶದಲ್ಲಿ ಒಂದೇ ಕಾಲಂ ಬಹುಪಾಲು ತೂಕ ಪಡೆದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಳತೆಯನ್ನು.

ಸದ್ಯಕ್ಕೆ ಬದಿಗಿಡಬಹುದಾದ ಪಾಠಗಳು

ಕ್ರೇಮರ್ ನಿಯಮ, ಅಡ್‌ಜಾಯಿಂಟ್ ಬಳಸಿ ಇನ್ವರ್ಸ್ ಕಂಡುಹಿಡಿಯುವುದು, ದೊಡ್ಡ ಡಿಟರ್ಮಿನೆಂಟ್ ಬಿಡಿಸುವುದು, ಜೋರ್ಡಾನ್ ರೂಪ, ಕೇಲಿ-ಹ್ಯಾಮಿಲ್ಟನ್ ಪ್ರಮೇಯ. ಪರೀಕ್ಷೆಯಲ್ಲಿ ಹೆಚ್ಚು ಅಂಕ ತಂದುಕೊಟ್ಟ ಈ ಪಾಠಗಳಿಗೆ ಈಗ ಸಮಯ ಕೊಡಬೇಕಿಲ್ಲ ಎಂಬುದು ಉಪನ್ಯಾಸಕಿಯ ಸಲಹೆ.

ಅದರಲ್ಲೂ ಇನ್ವರ್ಸ್ ಬಗ್ಗೆ ಅವರು ಎಚ್ಚರಿಸಿದ್ದಾರೆ. ಪುಸ್ತಕದಲ್ಲಿ `(XᵀX)⁻¹Xᵀy` ಎಂಬ ಸೂತ್ರ ಕಂಡ ಕೂಡಲೇ ಅದನ್ನೇ ಕೋಡ್‌ನಲ್ಲಿ ಬರೆಯಬಾರದು. `XᵀX` ಮಾಡಿದ ತಕ್ಷಣ ಕಂಡಿಷನ್ ನಂಬರ್ ವರ್ಗವಾಗುತ್ತದೆ. ಉದಾಹರಣೆಯಲ್ಲಿ 415 ಇದ್ದದ್ದು ಸುಮಾರು 1,72,000 ಆಗುತ್ತದೆ. ಕಂಪ್ಯೂಟರ್ ದಶಮಾಂಶಗಳನ್ನು ಕೈಬಿಡುವಾಗ ಆಗುವ ನಷ್ಟವೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. `lstsq` ಈ ಹೆಜ್ಜೆಯನ್ನೇ ಇಡದೆ ನೇರವಾಗಿ `X` ಮೇಲೆ ಕೆಲಸ ಮಾಡುತ್ತದೆ.

ಓದುವ ಕ್ರಮವೂ ಮೇಲಿನಂತೆಯೇ ಇರಲಿ. ಮೊದಲು ಕಾಲಂಗಳು, ಆಮೇಲೆ ರ್ಯಾಂಕ್, ನಂತರ ಪ್ರೊಜೆಕ್ಷನ್, ಕೊನೆಗೆ ಸಿಮೆಟ್ರಿಕ್ ಮ್ಯಾಟ್ರಿಕ್ಸ್ ಮತ್ತು ಎಸ್‌ವಿಡಿ. ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ 18.06 ಎಂಬ ಕೋರ್ಸ್‌ನ ವಿಡಿಯೊ ಪಾಠಗಳು ಹೆಚ್ಚುಕಡಿಮೆ ಇದೇ ಹಾದಿಯಲ್ಲಿ ಸಾಗುತ್ತವೆ ಮತ್ತು ಉಚಿತವಾಗಿ ಸಿಗುತ್ತವೆ. ಪ್ರತಿ ಪಾಠ ಮುಗಿದ ಮೇಲೆ ಮೂರು ಸಾಲು, ಎರಡು ಕಾಲಂನ ಟೇಬಲ್ ಒಂದನ್ನು ಕೈಯಲ್ಲಿ ಬಿಡಿಸಿ, ಅದೇ ಉತ್ತರ ಪೈಥಾನ್‌ನಲ್ಲೂ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಒಂದು ಸಂಖ್ಯೆಯನ್ನು ಚೂರು ಬದಲಿಸಿದಾಗ ಉತ್ತರ ಎಷ್ಟು ಅಲುಗಾಡುತ್ತದೆ ಎಂಬುದನ್ನು ಓಡಿಸುವ ಮೊದಲೇ ಊಹಿಸಲು ಬಂದರೆ ಆ ಪಾಠ ಮುಗಿಯಿತು ಎಂದರ್ಥ.